ಶೇ. 80 ಉಳಿದ ಇಂಗಾಲ-14 ಮತ್ತು ಗುಡಿಯ ಹಲಸಿನ ಕಂಬ

ಪ್ರಶ್ನೆ: "ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಹಳೆಯ ಮರದ ವಸ್ತುವಿನಲ್ಲಿ, ಜೀವಂತ ಮರದಲ್ಲಿರುವುದರ ಶೇ. 80ರಷ್ಟು ಮಾತ್ರ ಇಂಗಾಲ-14 ಉಳಿದಿದ್ದರೆ ಅದರ ವಯಸ್ಸೆಷ್ಟು ಎಂಬ ಲೆಕ್ಕಕ್ಕೆ ಅವಳು 1845 ವರ್ಷ ಎಂದು ಉತ್ತರ ತಂದಳು. 5730 ವರ್ಷಕ್ಕೆ ಅರ್ಧ ಹೋಗುವುದಾದರೆ ಶೇ. 20 ಹೋಗಲು 2292 ವರ್ಷ ಬೇಕಲ್ಲ, 11,460 ವರ್ಷಕ್ಕೆ ಎಲ್ಲವೂ ಮುಗಿಯಬೇಕಲ್ಲ ಎಂದು ನಾನು ಕೇಳಿದೆ. ಅಲ್ಲ ಎಂದಳು, ಏಕೆಂದು ಹೇಳಲು ಅವಳಿಗೆ ಆಗಲಿಲ್ಲ. ಇದನ್ನು ಕೇಳಲು ಇನ್ನೊಂದು ಕಾರಣವೂ ಇದೆ. ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಶುರುವಾಗಲಿದೆ. ಅಲ್ಲಿನ ಹಲಸಿನ ಕಂಬಗಳಿಗೆ 400 ವರ್ಷವಾಗಿದೆ ಎಂಬ ಮಾತಿದೆ. ಒಂದು ತುಂಡನ್ನು ಕಾರ್ಬನ್ ಡೇಟಿಂಗ್‌ಗೆ ಕಳಿಸಿದರೆ ಕಟ್ಟಿದ ಇಸವಿ ತಿಳಿಯುತ್ತದೆಯೇ? ಹಾಗಾದರೆ ಕಂಬದಲ್ಲಿ ವಿಕಿರಣ ಇದೆಯೇ ಎಂದು ಕೆಲವರು ಹೆದರಿಯೂ ಇದ್ದಾರೆ."

ಉತ್ತರ: ಮೊದಲು ಹೆದರಿಕೆಯ ಮಾತನ್ನು ಮುಗಿಸೋಣ. ಕಂಬದಲ್ಲಿ ವಿಕಿರಣಶೀಲ ಇಂಗಾಲ, ಅಂದರೆ ಇಂಗಾಲ-14, ಇರುವುದು ನಿಜ. ಆದರೆ ಅದು ತೋಟದ ತೆಂಗಿನಲ್ಲಿ, ತಟ್ಟೆಯ ಅನ್ನದಲ್ಲಿ, ನಮ್ಮ ನಿಮ್ಮ ಮೈಯಲ್ಲಿ ಇರುವಷ್ಟೂ ಇಲ್ಲ, ಅದಕ್ಕಿಂತ ತುಸು ಕಡಿಮೆಯೇ ಇದೆ. ಜೀವಂತ ವಸ್ತುವಿನ ಒಂದು ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ ಸುಮಾರು 13ರಿಂದ 14 ಪರಮಾಣುಗಳು ಕ್ಷಯಿಸುತ್ತವೆ. ವಯಸ್ಕನೊಬ್ಬನ ದೇಹದಲ್ಲಿ ಹದಿನೈದು, ಹದಿನಾರು ಕಿಲೋಗ್ರಾಂ ಇಂಗಾಲ ಇರುವುದರಿಂದ, ಅವನೊಳಗೆ ಪ್ರತಿ ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಇಂಗಾಲ-14 ಪರಮಾಣುಗಳು ಸದ್ದಿಲ್ಲದೆ ಸಾರಜನಕವಾಗಿ ಬದಲಾಗುತ್ತಿರುತ್ತವೆ. ಆಗ ಹೊರಡುವ ಎಲೆಕ್ಟ್ರಾನಿನ ಶಕ್ತಿ ಎಷ್ಟು ಕಡಿಮೆಯೆಂದರೆ ಮರದ ತೆಳುವಾದ ಪದರವೇ ಅದನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಕಂಬವನ್ನು ಮುಟ್ಟಲು, ಕೊರೆಯಲು, ಅದರ ಪಕ್ಕದಲ್ಲೇ ಮಲಗಲು ಯಾರೂ ಅಂಜಬೇಕಾಗಿಲ್ಲ.

ಇನ್ನು ನಿಮ್ಮ 2292ಕ್ಕೆ ಬರೋಣ. ನೀವು ಕೇಳಿದ್ದು ಸಹಜವಾದ ಪ್ರಶ್ನೆ. ಇಂಗಾಲ-14 ಖರ್ಚಾಗುವ ಬಗೆಯನ್ನು ನೀವು ಹಗೇವಿನ ಜೋಳ ಖರ್ಚಾಗುವಂತೆ ಭಾವಿಸಿದ್ದೀರಿ. ಮನೆಯವರು ತಿಂಗಳಿಗೆ ಇಂತಿಷ್ಟು ಸೇರು ಎಂದು ತೆಗೆದು ತಿನ್ನುತ್ತಿದ್ದರೆ, ಅರ್ಧ ಹಗೇವು ಎಷ್ಟು ತಿಂಗಳಿಗೆ ಖಾಲಿಯಾಯಿತೋ ಉಳಿದರ್ಧವೂ ಅಷ್ಟೇ ತಿಂಗಳಿಗೆ ಮುಗಿಯುತ್ತದೆ. ಅಲ್ಲಿ ಖರ್ಚು ತಿನ್ನುವವರ ಲೆಕ್ಕವನ್ನು ಅನುಸರಿಸುತ್ತದೆ, ಒಳಗೆ ಎಷ್ಟು ಉಳಿದಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪರಮಾಣುಗಳ ವಿಷಯದಲ್ಲಿ ಹೊರಗಿನಿಂದ ಬಂದು ತೆಗೆಯುವವರು ಯಾರೂ ಇಲ್ಲ. ಪ್ರತಿಯೊಂದು ಇಂಗಾಲ-14 ಪರಮಾಣುವೂ ತನ್ನಷ್ಟಕ್ಕೆ ತಾನೇ ಕ್ಷಯಿಸುತ್ತದೆ. ಒಂದು ವರ್ಷದಲ್ಲಿ ಅದು ಕ್ಷಯಿಸುವ ಸಾಧ್ಯತೆ ಸುಮಾರು 8267ರಲ್ಲಿ ಒಂದು. ಅದು ನಿನ್ನೆ ಹುಟ್ಟಿದ್ದಾದರೂ ಸರಿ, ಇಪ್ಪತ್ತು ಸಾವಿರ ವರ್ಷದಿಂದ ಉಳಿದುಬಂದದ್ದಾದರೂ ಸರಿ, ಬರುವ ವರ್ಷದಲ್ಲಿ ಅದರ ಸಾಧ್ಯತೆ ಅಷ್ಟೇ ಇರುತ್ತದೆ. ಮನುಷ್ಯರಂತೆ, ಮರಗಳಂತೆ ಪರಮಾಣುವಿಗೆ ಮುಪ್ಪು ಎಂಬುದಿಲ್ಲ.

ಹೀಗಾಗಿ ಒಂದು ವರ್ಷದಲ್ಲಿ ಒಟ್ಟು ಎಷ್ಟು ಪರಮಾಣುಗಳು ಹೋಗುತ್ತವೆ ಎಂಬುದನ್ನು ಆ ವರ್ಷದ ಆರಂಭದಲ್ಲಿ ಎಷ್ಟು ಉಳಿದಿದ್ದವು ಎಂಬುದೊಂದೇ ನಿರ್ಧರಿಸುತ್ತದೆ. ಇದು ಚಕ್ರಬಡ್ಡಿಯನ್ನು ತಿರುಗಿಸಿ ಹಾಕಿದ ಲೆಕ್ಕ. ಚಕ್ರಬಡ್ಡಿಯಲ್ಲಿ ಅಸಲು ಬೆಳೆದಂತೆ ಬಡ್ಡಿಯೂ ಬೆಳೆಯುತ್ತದೆ, ಇಲ್ಲಿ ಉಳಿಕೆ ಕುಗ್ಗಿದಂತೆ ಕಡಿತವೂ ಕುಗ್ಗುತ್ತದೆ. 5730 ವರ್ಷಕ್ಕೆ ಅರ್ಧ ಉಳಿದರೆ, ಮುಂದಿನ 5730 ವರ್ಷದಲ್ಲಿ ಆ ಅರ್ಧದ ಅರ್ಧ ಹೋಗಿ ಕಾಲು ಭಾಗ ಉಳಿಯುತ್ತದೆ, ಅದರಾಚೆ ಅರೆಪಾವು, ಮತ್ತೆ ಅದರರ್ಧ. ನೀವು ಹೇಳಿದ 11,460 ವರ್ಷಕ್ಕೆ ಶೇ. 25 ಇನ್ನೂ ಇರುತ್ತದೆ. ಹೀಗೆ ಅರ್ಧ ಹೋಗಲು ಬೇಕಾಗುವ 5730 ವರ್ಷವೇ ಇಂಗಾಲ-14ರ ಅರ್ಧಾಯು. ಹತ್ತು ಅರ್ಧಾಯು ಕಳೆದ ಮೇಲೂ ಸಾವಿರದಲ್ಲೊಂದು ಪಾಲಿನಷ್ಟು ಉಳಿದಿರುತ್ತದೆ. ಕಾಲೇಜಿನಲ್ಲಿ ಇದನ್ನೇ ಫಸ್ಟ್ ಆರ್ಡರ್, ಅಂದರೆ ಮೊದಲ ದರ್ಜೆಯ ಕ್ರಿಯೆ ಎಂದು ಕಲಿಸುತ್ತಾರೆ. ಕ್ರಿಯೆಯ ವೇಗವು ಉಳಿದಿರುವ ಪ್ರಮಾಣಕ್ಕೆ ನೇರ ಅನುಪಾತದಲ್ಲಿದೆ ಎಂಬುದಷ್ಟೇ ಆ ಹೆಸರಿನ ಅರ್ಥ.

ಇದೇ ಕಾರಣಕ್ಕೆ ಮೊದಲ ಶೇ. 20 ಹೋಗಲು ನೀವು ಎಣಿಸಿದ್ದಕ್ಕಿಂತ ಕಡಿಮೆ ಕಾಲ ಸಾಕಾಗುತ್ತದೆ. ಪರಮಾಣುಗಳು ತುಂಬಿರುವ ಆರಂಭದ ಶತಮಾನಗಳಲ್ಲಿ ಕ್ಷಯವೂ ಹೆಚ್ಚು, ಅರ್ಧದ ಗಡಿಗೆ ಹತ್ತಿರವಾಗುತ್ತಿದ್ದಂತೆ ಅದು ನಿಧಾನವಾಗುತ್ತದೆ. ನಿಮ್ಮ ಮಗಳು ಬರೆದಿರಬಹುದಾದ ಹಂತಗಳು ಇವು:

```
N = N0 · e^(−λt)
λ = 0.693 / 5730 = 0.000121 (ವರ್ಷಕ್ಕೆ)
t = (1/λ) · ln(N0/N)
  = 8267 × ln(100/80)
  = 8267 × 0.2231
  = 1845 ವರ್ಷ (ಸುಮಾರು)
```

ಇದರಲ್ಲಿ `λ` ಎಂದರೆ ಮೇಲೆ ಹೇಳಿದ 8267ರಲ್ಲಿ ಒಂದು ಎಂಬ ಸಾಧ್ಯತೆ, `t` ಎಂದರೆ ಕಳೆದ ವರ್ಷಗಳು, `N0` ಎಂದರೆ ಮರ ಜೀವಂತವಾಗಿದ್ದಾಗ ಇದ್ದ ಇಂಗಾಲ-14, `N` ಎಂದರೆ ಈಗ ಉಳಿದಿರುವುದು. ಎಷ್ಟೋ ವಿದ್ಯಾರ್ಥಿಗಳು `N` ಇರುವ ಜಾಗದಲ್ಲಿ 80ರ ಬದಲು ಕಳೆದುಹೋದ 20ನ್ನು ಹಾಕಿಬಿಡುತ್ತಾರೆ. ಆಗ ಉತ್ತರ 13,300 ವರ್ಷದ ಆಸುಪಾಸಿಗೆ ಹಾರುತ್ತದೆ. ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗ ಉತ್ತರ ಒಂದು ಅರ್ಧಾಯುವಿಗಿಂತ ಕಡಿಮೆಯೇ ಇರಬೇಕು ಎಂದು ನೆನಪಿಟ್ಟರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ಮಗಳ ಲೆಕ್ಕದಲ್ಲಿ ದೋಷವಿಲ್ಲ, ಪರೀಕ್ಷೆಯಲ್ಲಿ ಅವಳಿಗೆ ಪೂರ್ಣ ಅಂಕ ಸಿಗಬೇಕು.

ಆದರೆ ಇದೇ ಮರದ ವಸ್ತು ನಮ್ಮಂಥವರ ಪ್ರಯೋಗಾಲಯಕ್ಕೆ ಬಂದಿದ್ದರೆ ವರದಿಯಲ್ಲಿ 1845 ಎಂಬ ಸಂಖ್ಯೆ ಎಲ್ಲಿಯೂ ಕಾಣಿಸುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಬಿಡಿಸಿ ಹೇಳದೆ ನಿಮ್ಮ ಕಂಬದ ಪ್ರಶ್ನೆಗೆ ಉತ್ತರಿಸಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಶೇ. 80 ಉಳಿದ ಮರಕ್ಕೆ ನಾವು ಬರೆಯುವುದು "1793 ಬಿಪಿ" ಎಂದು. ಬಿಪಿ ಎಂದರೆ 1950ನೇ ಇಸವಿಯಿಂದ ಹಿಂದಕ್ಕೆ ಎಣಿಸಿದ ವರ್ಷಗಳು. ಸಂಖ್ಯೆ ಏಕೆ ಕಡಿಮೆಯಾಯಿತು ಎಂದರೆ, ನಾವು 8267ರ ಬದಲು 8033ರಿಂದ ಗುಣಿಸುತ್ತೇವೆ. ಈ ವಿಧಾನವನ್ನು 1940ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ರೂಪಿಸಿ, ಅದಕ್ಕಾಗಿ 1960ರ ರಸಾಯನಶಾಸ್ತ್ರದ ನೊಬೆಲ್ ಪಡೆದ ವಿಲ್ಲರ್ಡ್ ಲಿಬ್ಬಿಯವರ ಕಾಲದಲ್ಲಿ ಅರ್ಧಾಯುವನ್ನು 5568 ವರ್ಷ ಎಂದು ತೆಗೆದುಕೊಂಡಿದ್ದರು, 8033 ಬರುವುದು ಅದರಿಂದಲೇ. ಹೆಚ್ಚು ನಿಖರವಾದ 5730 ಎಂಬ ಬೆಲೆ 1962ರ ಹೊತ್ತಿಗೆ ಒಪ್ಪಿತವಾಯಿತು. ಅಷ್ಟರಲ್ಲಿ ಹಳೆಯ ಬೆಲೆಯಿಂದ ಎಣಿಸಿದ ಕಾಲಮಾನಗಳು ಸಾಕಷ್ಟು ಪ್ರಕಟವಾಗಿಬಿಟ್ಟಿದ್ದವು. ಕೆಲವು ಹಳೆಯದರಲ್ಲಿ, ಕೆಲವು ಹೊಸದರಲ್ಲಿ ಇದ್ದರೆ ಗೊಂದಲವಾಗುತ್ತದೆಂದು, ಕಚ್ಚಾ ವಯಸ್ಸನ್ನು ಮಾತ್ರ ಎಲ್ಲರೂ ಹಳೆಯ ಬೆಲೆಯಲ್ಲೇ ಬರೆಯುವುದು ಎಂದು ನಿರ್ಧರಿಸಲಾಯಿತು. ಆ ಪದ್ಧತಿ ಇಂದಿಗೂ ನಡೆದುಬಂದಿದೆ.

ತಪ್ಪೆಂದು ಗೊತ್ತಿರುವ ಅರ್ಧಾಯುವನ್ನು ಹೇಗೆ ಬಳಸುತ್ತೀರಿ ಎಂದು ನಿಮ್ಮ ಮಗಳು ಕೇಳಬಹುದು, ಕೇಳಲೇಬೇಕು. ಬಳಸಬಹುದು, ಏಕೆಂದರೆ ಬಿಪಿ ಸಂಖ್ಯೆಯನ್ನು ನಾವು ವಯಸ್ಸೆಂದು ನಂಬುವುದೇ ಇಲ್ಲ. ಅದು ಅಳತೆಯನ್ನು ಬರೆದಿಡುವ ಒಂದು ಕ್ರಮ ಮಾತ್ರ. ಕ್ಷಯದ ನಿಯಮದಲ್ಲಿ ಯಾವ ಅನುಮಾನವೂ ಇಲ್ಲ. ಬಿಸಿಲು, ಮಳೆ, ಒತ್ತಡ, ಮಣ್ಣಿನ ಉಪ್ಪು ಯಾವುದೂ ಪರಮಾಣುವಿನ ಬೀಜಕೇಂದ್ರದ ಈ ನಡವಳಿಕೆಯನ್ನು ಬದಲಿಸುವುದಿಲ್ಲ. ಸಾಮಾನ್ಯ ರಾಸಾಯನಿಕ ಕ್ರಿಯೆಯಾದರೆ ಒಲೆಯ ಮೇಲಿಟ್ಟಾಗ ವೇಗ ಹೆಚ್ಚುತ್ತದೆ, ಇದು ಹೆಚ್ಚುವುದಿಲ್ಲ. ಅನುಮಾನವಿರುವುದೆಲ್ಲ ಸಮೀಕರಣದ ಇನ್ನೊಂದು ಅಕ್ಷರದಲ್ಲಿ, `N0`ನಲ್ಲಿ. ಆ ಮರ ಬದುಕಿದ್ದಾಗ ಅದರಲ್ಲಿ ಎಷ್ಟಿತ್ತು ಎಂದು ಅಳೆದವರು ಯಾರೂ ಇಲ್ಲ. ಅಂದಿನ ಮರದಲ್ಲೂ ಇಂದಿನ ಮರದಷ್ಟೇ ಇತ್ತು ಎಂದು ಪಠ್ಯಪುಸ್ತಕದ ಲೆಕ್ಕ ಮನಸ್ಸಿನಲ್ಲೇ ಊಹಿಸಿಕೊಂಡಿರುತ್ತದೆ.

ಆ ಊಹೆ ಪೂರ್ತಿ ನಿಜವಲ್ಲ. ಇಂಗಾಲ-14 ಹುಟ್ಟುವುದು ವಾತಾವರಣದ ಮೇಲುಸ್ತರದಲ್ಲಿ, ವಿಶ್ವಕಿರಣಗಳಿಂದ ಚಿಮ್ಮಿದ ನ್ಯೂಟ್ರಾನುಗಳು ಸಾರಜನಕದ ಪರಮಾಣುಗಳಿಗೆ ಬಡಿದಾಗ. ಗಾಳಿಯ ಮೂಲಕ ಅದು ಬೆಳೆಯುತ್ತಿರುವ ಮರವನ್ನು ಸೇರುತ್ತದೆ. ಸೂರ್ಯನ ಕಾಂತಕ್ಷೇತ್ರ ಬಲವಾಗಿರುವಾಗ ಕಡಿಮೆ ವಿಶ್ವಕಿರಣಗಳು ನಮ್ಮನ್ನು ತಲುಪುತ್ತವೆ, ಇಂಗಾಲ-14 ಕಡಿಮೆ ಹುಟ್ಟುತ್ತದೆ. ಸೂರ್ಯ ಮಂಕಾದಾಗ ಹೆಚ್ಚು ಹುಟ್ಟುತ್ತದೆ. 1645ರಿಂದ 1715ರವರೆಗೆ ಸೂರ್ಯನ ಮೇಲೆ ಕಲೆಗಳೇ ಅಪರೂಪವಾಗಿದ್ದವು. ಆ ಕಾಲದಲ್ಲಿ ಬೆಳೆದ ಮರಗಳು ಉಳಿದ ಕಾಲದ ಮರಗಳಿಗಿಂತ ಹೆಚ್ಚು `N0` ಇಟ್ಟುಕೊಂಡೇ ಸತ್ತವು. ಅವನ್ನು ಈಗ ಅಳೆದರೆ ನಿಜವಾದ ವಯಸ್ಸಿಗಿಂತ ಎಳೆಯವಾಗಿ ಕಾಣುತ್ತವೆ. ಇದಕ್ಕೆ ತಿರುಗುಮುರುಗಾದದ್ದು ಕೈಗಾರಿಕೆಯ ಯುಗದಲ್ಲಿ ಆಯಿತು. ಕಲ್ಲಿದ್ದಲಿನಲ್ಲಿ ಇಂಗಾಲ-14 ಎಂದೋ ಮುಗಿದುಹೋಗಿದೆ. ಅದನ್ನು ಸುಟ್ಟ ಹೊಗೆ ಗಾಳಿಗೆ ಸೇರಿದಾಗ, ಹಾಲಿಗೆ ನೀರು ಬೆರೆಸಿದಂತೆ ಗಾಳಿಯ ಇಂಗಾಲ-14 ತೆಳ್ಳಗಾಯಿತು. 20ನೇ ಶತಮಾನದ ಮೊದಲರ್ಧದ ಮರಗಳು ಅದರಿಂದ ಇರುವುದಕ್ಕಿಂತ ಹಳೆಯವಾಗಿ ಕಾಣುತ್ತವೆ.

ಈ ಏರಿಳಿತವನ್ನು ತಿದ್ದಲು ವಿಜ್ಞಾನಿಗಳು ಸಮಶೀತೋಷ್ಣ ದೇಶಗಳ ಮರಗಳ ವಾರ್ಷಿಕ ಉಂಗುರಗಳನ್ನು ಹಿಡಿದರು. ಅಲ್ಲಿ ಪ್ರತಿ ಉಂಗುರದ ಇಸವಿಯನ್ನು ಎಣಿಸಿಯೇ ಹೇಳಬಹುದು. ಒಂದೊಂದು ಉಂಗುರದ ಇಂಗಾಲ-14ನ್ನು ಅಳೆದು, ಈ ಇಸವಿಯ ಮರ ಇಷ್ಟು ಬಿಪಿ ತೋರಿಸುತ್ತದೆ ಎಂಬ ದೊಡ್ಡ ನಕ್ಷೆಯನ್ನು ಕಟ್ಟಿದ್ದಾರೆ. ಉತ್ತರ ಗೋಳಾರ್ಧಕ್ಕೆ ಈಗ ಬಳಕೆಯಲ್ಲಿರುವುದು ಇಂಟ್‌ಕ್ಯಾಲ್20 ಎಂಬ ವಕ್ರರೇಖೆ. ಆ ರೇಖೆಯ ಬಿಪಿಯನ್ನೂ 5568ರ ಅರ್ಧಾಯುವಿನಿಂದಲೇ ಎಣಿಸಿರುವುದರಿಂದ, ನಮ್ಮ ಮಾದರಿಯ ಬಿಪಿಯನ್ನು ಅದರ ಮೇಲಿಟ್ಟು ಇಸವಿ ಓದುವಾಗ ಅರ್ಧಾಯುವಿನ ತಪ್ಪು ಎರಡೂ ಕಡೆ ಸಮನಾಗಿ ಬಂದು ಕಳೆದುಹೋಗುತ್ತದೆ. ಎರಡೂ ಕಡೆ 5730 ಹಾಕಿದ್ದರೂ ಇಸವಿ ಅದೇ ಬರುತ್ತಿತ್ತು.

ಈಗ ಶೇ. 80ರ ಮರವನ್ನು ಮತ್ತೆ ನೋಡಿ. ಪಠ್ಯದ 1845ನ್ನು 1950ರಿಂದ ಕಳೆದರೆ ಕ್ರಿ.ಶ. 105 ಬರುತ್ತದೆ. ಅದೇ ಅಳತೆಯ 1793 ಬಿಪಿಯನ್ನು, ಹೆಚ್ಚುಕಡಿಮೆ 30 ವರ್ಷದ ಅಳತೆಯ ಅನಿಶ್ಚಿತತೆಯೊಂದಿಗೆ ವಕ್ರರೇಖೆಯಲ್ಲಿ ಓದಿದರೆ ಮರದ ಕಾಲ ಬಹುಪಾಲು ಕ್ರಿ.ಶ. 200ರಿಂದ 340ರ ನಡುವೆ ಬೀಳುತ್ತದೆ. ನೂರು ವರ್ಷಕ್ಕೂ ಮಿಕ್ಕಿದ ಈ ಅಂತರಕ್ಕೆ ಬಹುಮಟ್ಟಿಗೆ `N0`ನ ಏರಿಳಿತವೇ ಕಾರಣ. ಮೊದಲ ದರ್ಜೆಯ ಸಮೀಕರಣವನ್ನು ಕಲಿಯಲು ಪಠ್ಯದ ಲೆಕ್ಕ ಸಾಕು, ಇತಿಹಾಸ ಬರೆಯಲು ಸಾಲದು.

ನಿಮ್ಮ ಕಂಬಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. 400 ವರ್ಷದಲ್ಲಿ ಇಂಗಾಲ-14 ಕಡಿಮೆಯಾಗುವುದು ಶೇ. 5ಕ್ಕಿಂತಲೂ ತುಸು ಕಡಿಮೆ. ಅಳತೆಯಲ್ಲಿ ಶೇ. ಅರ್ಧದಷ್ಟು ಏರುಪೇರಾದರೂ 40 ವರ್ಷ ಹಿಂದುಮುಂದಾಗುತ್ತದೆ. ಆದರೆ ನಿಮ್ಮ ಮುಖ್ಯ ತೊಡಕು ಅಳತೆಯದಲ್ಲ. ಸುಮಾರು 1650ರಿಂದ 1950ರವರೆಗಿನ ಅವಧಿಯಲ್ಲಿ, ನಾನು ಮೇಲೆ ಹೇಳಿದ ಎರಡು ಕಾರಣಗಳೂ ಸೇರಿ, ವಕ್ರರೇಖೆ ಇಳಿಜಾರಾಗಿ ಸಾಗದೆ ಏರುತ್ತ ಇಳಿಯುತ್ತ ಅಲ್ಲಲ್ಲೇ ಸುತ್ತಾಡುತ್ತದೆ. 1700ರ ಸುಮಾರಿನಲ್ಲಿ ಬೆಳೆದ ಮರವೂ 20ನೇ ಶತಮಾನದ ಆರಂಭದಲ್ಲಿ ಬೆಳೆದ ಮರವೂ ಸರಿಸುಮಾರು 100 ಬಿಪಿಯನ್ನೇ ತೋರಿಸುತ್ತವೆ. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಇವೆರಡನ್ನು ಬೇರ್ಪಡಿಸಲಾರದು, ಏಕೆಂದರೆ ಎರಡರಲ್ಲೂ ಇಂದು ಉಳಿದಿರುವ ಇಂಗಾಲ-14ರ ಪಾಲು ನಿಜಕ್ಕೂ ಒಂದೇ.

ನಿಮ್ಮ ಕಂಬದಲ್ಲಿ ಶೇ. 97.5 ಉಳಿದಿದೆ ಎಂದು ವರದಿ ಬಂದಿತೆಂದು ಇಟ್ಟುಕೊಳ್ಳಿ. ಕಾಲೇಜಿನ ಸೂತ್ರ ಹಾಕಿದರೆ ಸುಮಾರು 209 ವರ್ಷ ಎಂಬ ಒಂದೇ ಉತ್ತರ ಬರುತ್ತದೆ. ಪ್ರಯೋಗಾಲಯ 200 ಬಿಪಿ, ಹೆಚ್ಚುಕಡಿಮೆ 30 ಎಂದು ಬರೆದು, ಅದರ ಕೆಳಗೆ ಒಂದರ ಬದಲು ಮೂರು ಕಾಲಾವಧಿಗಳನ್ನು ಕೊಡುತ್ತದೆ: ಸ್ಥೂಲವಾಗಿ 1650ರಿಂದ 1690, ಇಲ್ಲವೇ 1730ರಿಂದ 1810, ಇಲ್ಲವೇ 1925ರ ನಂತರ. ಮೂರರಲ್ಲಿ ಯಾವುದು ಎಂದು ಇಂಗಾಲ ಹೇಳುವುದಿಲ್ಲ. ಇಂಥ ವರದಿ ಹಿಡಿದು ಬಂದವರು ತಮಗೆ ಇಷ್ಟವಾದ ಅವಧಿಯನ್ನು ಆರಿಸಿಕೊಂಡು ಫಲಕದ ಮೇಲೆ ಕೆತ್ತಿಸಿದ್ದನ್ನು ನಾನು ನೋಡಿದ್ದೇನೆ. ಅದು ನನಗೆ ನೋವಿನ ಸಂಗತಿ. ಒಮ್ಮೆ ಕಲ್ಲಿನಲ್ಲಿ ಕೊರೆದ ಇಸವಿಯನ್ನು ಮುಂದಿನ ತಲೆಮಾರು ಪ್ರಶ್ನಿಸುವುದಿಲ್ಲ.

ಹಾಗೆಂದು ಪರೀಕ್ಷೆಯೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಕೇಳುವ ಪ್ರಶ್ನೆಯನ್ನು ಬದಲಿಸಿದರೆ ಅದು ಗಟ್ಟಿಯಾದ ಉತ್ತರವನ್ನೇ ಕೊಡುತ್ತದೆ. ಯಾವ ಇಸವಿ ಎಂದು ಕೇಳುವ ಬದಲು, ಈ ಮರ ಸುಮಾರು 1650ಕ್ಕಿಂತ ಹಳೆಯದೇ ಎಂದು ಕೇಳಿ. ನಿಜವಾಗಿಯೂ 1620ರ ಸುಮಾರಿನ ಮರವಾದರೆ ಅದು 350 ಬಿಪಿಯ ಆಸುಪಾಸಿನಲ್ಲಿ ಇರಬೇಕು. ಆಗ ಕಾಲಾವಧಿ 1460ರಿಂದ 1640ರವರೆಗೆ ಅಗಲವಾಗಿ ಹರಡಿದರೂ, ಇತ್ತೀಚಿನದು ಎಂಬ ಸಾಧ್ಯತೆ ಕೈಬಿಟ್ಟುಹೋಗುತ್ತದೆ. ಇನ್ನೊಂದು ತುದಿಯಲ್ಲಿ, ಕಂಬವನ್ನು ಇತ್ತೀಚೆಗೆ ಬದಲಿಸಿದ್ದಾರೆಯೇ ಎಂಬ ಅನುಮಾನವಿದ್ದರೆ ಅದಕ್ಕೂ ಖಚಿತ ಉತ್ತರ ಸಿಗುತ್ತದೆ. 1950ರ ದಶಕದ ನಡುವಿನಿಂದ ನಡೆದ ಅಣುಬಾಂಬಿನ ಪರೀಕ್ಷೆಗಳಿಂದ ಗಾಳಿಯ ಇಂಗಾಲ-14 ಏರುತ್ತ ಹೋಗಿ, 1963-64ರ ಹೊತ್ತಿಗೆ ಉತ್ತರ ಗೋಳಾರ್ಧದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆ ಮೇಲಿನ ಐದು ದಶಕಗಳಲ್ಲಿ ಬೆಳೆದ ಮರದಲ್ಲಿ ಉಳಿಕೆ ಶೇ. 100ಕ್ಕಿಂತ ಹೆಚ್ಚೇ ಇರುತ್ತದೆ, ಅದನ್ನು ಹಳೆಯ ಮರವೆಂದು ತಪ್ಪು ತಿಳಿಯಲು ಬರುವುದಿಲ್ಲ.

ಪರೀಕ್ಷೆ ಮಾಡಿಸುವುದೆಂದು ತೀರ್ಮಾನಿಸಿದರೆ ಎರಡು ಅಪಾಯಗಳನ್ನು ಮೊದಲೇ ತಿಳಿದಿರಬೇಕು. ಒಂದು, ಇಂಗಾಲ ಹೇಳುವುದು ಮರದ ಕಾಲವನ್ನು, ಗುಡಿಯ ಕಾಲವನ್ನಲ್ಲ. ಮರ ನಿಂತಿರುವಾಗಲೇ ಅದರ ಒಳತಿರುಳು ಗಾಳಿಯಿಂದ ಹೊಸ ಇಂಗಾಲ ಪಡೆಯುವುದನ್ನು ನಿಲ್ಲಿಸಿರುತ್ತದೆ. ಪ್ರತಿ ಪದರಕ್ಕೂ ಅದು ಬೆಳೆದ ವರ್ಷವೇ ಗಡಿಯಾರ ಶುರುವಾದ ವರ್ಷ. 150 ವರ್ಷದ ಹಲಸನ್ನು ಕಡಿದು ಕಂಬ ಮಾಡಿದ್ದರೆ, ತಿರುಳಿನಿಂದ ತೆಗೆದ ಚೂರು ಗುಡಿಗಿಂತ 150 ವರ್ಷ ಹಳೆಯದೆಂದು ಪ್ರಾಮಾಣಿಕವಾಗಿಯೇ ಹೇಳುತ್ತದೆ. ಬಡಗಿ ತೊಗಟೆಯ ಜೊತೆಗೆ ಹೊರಗಿನ ಬಿಳಿ ಮರವನ್ನೂ ಕೆತ್ತಿ ತೆಗೆದು, ಕೇಸರಿ ಬಣ್ಣದ ಕೆಚ್ಚನ್ನು ಮಾತ್ರ ಉಳಿಸಿರುತ್ತಾನೆ. ಹಾಗಾಗಿ ಕೊನೆಯ ಪದರ ನಿಮಗೆ ಸಿಗುವ ಭರವಸೆ ಇಲ್ಲ. ಹಳೆಯ ಮನೆಯ ತೊಲೆಯನ್ನು ತಂದು ಗುಡಿಗೆ ಕಂಬವಾಗಿ ನಿಲ್ಲಿಸಿದ್ದರಂತೂ ಅಂತರ ಇನ್ನೂ ಹೆಚ್ಚು.

ಎರಡನೆಯದು ಬೆರಕೆಯ ಅಪಾಯ. ಇಲ್ಲಿ ಎಲ್ಲ ಬೆರಕೆಯೂ ಒಂದೇ ತೂಕದ್ದಲ್ಲ ಎಂಬುದನ್ನು ಗಮನಿಸಿ. ದೀಪದ ಎಳ್ಳೆಣ್ಣೆಯೋ ತೆಂಗಿನೆಣ್ಣೆಯೋ ಸ್ವಲ್ಪ ಹಿಡಿದಿದ್ದರೆ ನಿಮ್ಮ ಕಂಬಕ್ಕೆ ದೊಡ್ಡ ಹಾನಿಯಿಲ್ಲ. ಬಾಂಬಿನ ಕಾಲಕ್ಕಿಂತ ಹಿಂದಿನ ಎಣ್ಣೆಯಾದರೆ ಅದರ ಇಂಗಾಲಕ್ಕೂ ಮರದ ಇಂಗಾಲಕ್ಕೂ ವ್ಯತ್ಯಾಸ ಶೇ. 5ರೊಳಗೇ ಇರುವುದರಿಂದ, ಶೇ. 1ರಷ್ಟು ಬೆರೆತರೂ ನಾಲ್ಕು ವರ್ಷದಷ್ಟು ಮಾತ್ರ ಏರುಪೇರಾಗುತ್ತದೆ. ನಾನು ಹೆದರುವುದು ಪೆಟ್ರೋಲಿಯಂನಿಂದ ಮಾಡಿದ ಪಾಲಿಷ್, ವಾರ್ನಿಷ್, ಗೆದ್ದಲಿಗೆಂದು ಬಳಿಯುವ ಔಷಧದ ಸೀಮೆಎಣ್ಣೆ, ಇವುಗಳಿಗೆ. ಅವುಗಳ ಇಂಗಾಲ ಸಂಪೂರ್ಣ ಸತ್ತ ಇಂಗಾಲ, ಕಲ್ಲಿದ್ದಲಿನಂತೆ ಅದರಲ್ಲಿ ಇಂಗಾಲ-14 ಉಳಿದೇ ಇಲ್ಲ. ಶೇ. 1 ಉಳಿದುಕೊಂಡರೆ ಮರಕ್ಕೆ 80 ವರ್ಷ ಕೂಡುತ್ತದೆ, ಶೇ. 5 ಉಳಿದರೆ 400 ವರ್ಷ. ಅಂದರೆ ನೂರು ವರ್ಷದ ಕಂಬವೂ ವಾರ್ನಿಷಿನ ದೆಸೆಯಿಂದ ನಿಮ್ಮೂರಿನ ಮಾತನ್ನು ನಿಜವೆಂದು ಸಾಬೀತು ಮಾಡಿಬಿಡಬಹುದು. ತೀರ ಹಳೆಯ ಮಾದರಿಗಳಲ್ಲಿ ಕಥೆ ತಿರುಗುಮುರುಗು. ಅಲ್ಲಿ ಹೊಸ ಇಂಗಾಲವೇ ಶತ್ರು. ಇಂಗಾಲ-14 ಏನೂ ಉಳಿಯದ ಕಲ್ಲಿದ್ದಲಿಗೆ ಶೇ. 1ರಷ್ಟು ಹೊಸ ಇಂಗಾಲ ಸೇರಿದರೆ ಅದು 37,000 ವರ್ಷದ್ದೆಂದು ತೋರುತ್ತದೆ. 50,000 ವರ್ಷದಾಚೆಗೆ ಈ ವಿಧಾನವನ್ನು ನಂಬದಿರುವುದಕ್ಕೆ ಕಾರಣ ಇದೇ: ಅಲ್ಲಿ ಉಳಿದಿರುವ ನಿಜವಾದ ಪಾಲು ಶೇ. ಕಾಲರಷ್ಟೂ ಇಲ್ಲ.

ಪ್ರಯೋಗಾಲಯದಲ್ಲಿ ಈ ಬೆರಕೆಯನ್ನು ಕಳೆಯಲೆಂದೇ ನಮ್ಮ ಹೆಚ್ಚಿನ ಸಮಯ ಹೋಗುತ್ತದೆ. ಚೂರನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ, ಮತ್ತೆ ಆಮ್ಲದಲ್ಲಿ ಬಿಸಿಮಾಡಿ ತೊಳೆಯುತ್ತೇವೆ. ಕ್ಷಾರಕ್ಕೆ ಹಾಕಿದಾಗ ದ್ರವ ಗಟ್ಟಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಚೆಲ್ಲಿ, ಹೊಸ ಕ್ಷಾರ ಹಾಕಿ, ಬಣ್ಣ ಬಿಡುವುದು ನಿಲ್ಲುವವರೆಗೆ ಮುಂದುವರಿಸುತ್ತೇವೆ. ಎಣ್ಣೆ, ವಾರ್ನಿಷ್ ಇದೆಯೆಂದು ಮೊದಲೇ ತಿಳಿಸಿದ್ದರೆ ಅದಕ್ಕೂ ಮುಂಚೆ ಬೇರೆ ದ್ರಾವಕಗಳಲ್ಲಿ ತೊಳೆಯುತ್ತೇವೆ. ತಿಳಿಸದಿದ್ದರೆ ನಮಗೆ ಗೊತ್ತಾಗುವ ಖಾತ್ರಿಯಿಲ್ಲ. ಶುದ್ಧವಾದ ಮರವನ್ನು ಸುಟ್ಟು, ಬಂದ ಇಂಗಾಲದ ಡೈಆಕ್ಸೈಡನ್ನು ಕಪ್ಪು ಗ್ರಾಫೈಟಾಗಿ ಪರಿವರ್ತಿಸಿದಾಗ ಕೈಗೆ ಬರುವುದು ಒಂದು ಮಿಲಿಗ್ರಾಂ, ಸಾಸಿವೆಕಾಳಿಗಿಂತಲೂ ಚಿಕ್ಕದು. ಇಷ್ಟು ಅಲ್ಪ ಇಂಗಾಲದಲ್ಲಿ ಕ್ಷಯಕ್ಕಾಗಿ ಕಾದು ಕುಳಿತರೆ ಒಂದೊಂದು ಪರಮಾಣುವಿಗೂ ಒಂದು ಗಂಟೆಗಿಂತ ಹೆಚ್ಚು ಕಾಯಬೇಕು. ಹಿಂದೆ ಕ್ಷಯವನ್ನೇ ಎಣಿಸುತ್ತಿದ್ದ ಕಾಲದಲ್ಲಿ ಅದಕ್ಕೇ ಗ್ರಾಂಗಟ್ಟಲೆ ಇದ್ದಲು ಬೇಕಾಗುತ್ತಿತ್ತು. ನಮ್ಮ ತೆಕ್ಕಲಕೋಟೆ, ಹಳ್ಳೂರುಗಳ ನವಶಿಲಾಯುಗದ ಇದ್ದಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಳೆದದ್ದು ಹಾಗೆಯೇ. ಈಗಿನ ವೇಗವರ್ಧಕ ಯಂತ್ರಗಳು ಕ್ಷಯಕ್ಕೆ ಕಾಯುವುದಿಲ್ಲ, ಉಳಿದಿರುವ ಇಂಗಾಲ-14 ಪರಮಾಣುಗಳನ್ನೇ ತೂಕದ ವ್ಯತ್ಯಾಸದಿಂದ ಬೇರ್ಪಡಿಸಿ ಎಣಿಸುತ್ತವೆ. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಅಂಥ ಯಂತ್ರವಿದೆ. ಇದರಿಂದ ನಿಮಗಾಗುವ ಅನುಕೂಲವೆಂದರೆ, ಎರಡು ಮೂರು ಅಕ್ಕಿಕಾಳಿನ ತೂಕದ ಮರ ಸಾಕು, ಕಂಬದಿಂದ ತುಂಡು ಕತ್ತರಿಸುವ ಅಗತ್ಯವಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕಂಬಕ್ಕಿಂತ ಮೊದಲು ಗೋಡೆಯನ್ನು ನೋಡುತ್ತಿದ್ದೆ. ಹಳೆಯ ಮಣ್ಣಿನ ಗೋಡೆಯಾಗಿದ್ದರೆ, ಕಲಸುವಾಗ ಹಾಕಿದ ಭತ್ತದ ಹೊಟ್ಟು, ಹುಲ್ಲಿನ ಚೂರುಗಳು ಒಳಗೆ ಸಿಗಬಹುದು. ಭತ್ತ ಒಂದೇ ಹಂಗಾಮಿನ ಬೆಳೆ, ಅದರಲ್ಲಿ ತಿರುಳಿನ ವಯಸ್ಸು ಎಂಬ ತೊಡಕಿಲ್ಲ, ಕಟ್ಟಿದ ಕಾಲಕ್ಕೆ ಅದು ತೀರ ಹತ್ತಿರವಾಗಿರುತ್ತದೆ. ಮೇಲಿನ ಗಿಲಾವನ್ನು ನಂತರ ಯಾರಾದರೂ ಮತ್ತೆ ಮಾಡಿರಬಹುದಾದ್ದರಿಂದ ಗೋಡೆಯ ಒಳಭಾಗದಿಂದಲೇ ತೆಗೆಯಬೇಕು. ವಕ್ರರೇಖೆಯ ಸುತ್ತಾಟ ಹೊಟ್ಟಿಗೂ ತಪ್ಪಿದ್ದಲ್ಲ. ಆದರೆ ಕಂಬ ಮತ್ತು ಹೊಟ್ಟು ಎರಡನ್ನೂ ಅಳೆಸಿ, ಜೊತೆಗೆ ಊರಿನ ಹಳೆಯ ಕಡತ, ದಾನಪತ್ರ, ಶಾಸನ ಏನಾದರೂ ಇದ್ದರೆ ಅವನ್ನು ಓದಿಸಿದಾಗ, ಮೂರು ಅವಧಿಗಳಲ್ಲಿ ಎರಡು ಬಿದ್ದುಹೋಗಿ ಒಂದು ಉಳಿಯುವ ಸಾಧ್ಯತೆ ಹೆಚ್ಚುತ್ತದೆ. ಎಲ್ಲಕ್ಕೂ ಕಡಿಮೆ ಖರ್ಚಿನದು ಕಡತ. ಅದರಲ್ಲೇ ಇಸವಿ ಸಿಕ್ಕಿದರೆ ಮರವನ್ನು ಮುಟ್ಟುವುದೇ ಬೇಡ.

ಕಂಬದಿಂದಲೇ ತೆಗೆಯುವುದಾದರೆ, ಜೀರ್ಣೋದ್ಧಾರಕ್ಕಾಗಿ ಅದನ್ನು ಕಳಚಿದ ದಿನವೇ ತೆಗೆಯಿರಿ. ಕಲ್ಲಿನ ಕುಳಿಯೊಳಗೆ ಕೂತಿರುವ ಬುಡದ ತುದಿಗೆ ಸಾಮಾನ್ಯವಾಗಿ ಎಣ್ಣೆಯಾಗಲಿ ಬಣ್ಣವಾಗಲಿ ತಾಗಿರುವುದಿಲ್ಲ. ಅಲ್ಲಿ, ಮರದ ನಡುವಿನಿಂದ ಸಾಧ್ಯವಾದಷ್ಟು ದೂರದಲ್ಲಿ, ಮೇಲ್ಪದರವನ್ನು ಕೆರೆದು ಎಸೆದು, ಒಳಗಿನ ಒಣ ಮರದಿಂದ ಸ್ವಚ್ಛವಾದ ಚಾಕುವಿನಲ್ಲಿ ಚಕ್ಕೆ ತೆಗೆಯಿರಿ. ಕಾಗದ, ಹತ್ತಿ, ಅಂಟು ಯಾವುದೂ ತಾಗದಂತೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಹೆಸರಿನ ಚೀಟಿಯನ್ನು ಹೊರಗೆ ಕಟ್ಟಿ. ಗುಡಿಯು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ ಅನುಮತಿ ಪಡೆಯದೆ ಚಾಕು ಮುಟ್ಟಿಸಬೇಡಿ. ಚಕ್ಕೆಯ ಜೊತೆ ಕಳಿಸುವ ಪತ್ರದಲ್ಲಿ, ಕಂಬದ ಯಾವ ಭಾಗದಿಂದ, ನಡುವಿನಿಂದ ಎಷ್ಟು ಬೆರಳು ದೂರದಲ್ಲಿ ತೆಗೆದದ್ದು, ಹಿಂದೆ ವಾರ್ನಿಷ್ ಅಥವಾ ಗೆದ್ದಲಿನ ಔಷಧ ಬಳಿದದ್ದು ಯಾರಿಗಾದರೂ ನೆನಪಿದೆಯೇ ಎಂಬುದನ್ನು ಬರೆಯಿರಿ. ವರದಿ ಬಂದಾಗ ಅದರಲ್ಲಿರುವ ಎಲ್ಲ ಕಾಲಾವಧಿಗಳನ್ನೂ ಹಾಗೆಯೇ ಗುಡಿಯ ಕಡತಕ್ಕೆ ಸೇರಿಸಿ, ಬಿಪಿ ಸಂಖ್ಯೆಯನ್ನು ಮರೆಯದೆ ಬರೆದಿಡಿ. ಮುಂದೆ ವಕ್ರರೇಖೆ ಸುಧಾರಿಸಿದರೆ ಮರವನ್ನು ಮತ್ತೆ ಕೊರೆಯದೆ, ಆ ಸಂಖ್ಯೆಯೊಂದರಿಂದಲೇ ಇಸವಿಯನ್ನು ಹೊಸದಾಗಿ ಓದಬಹುದು.